ದೊಡ್ಡ ದೀಪದ ಮೂರು ಸಾಕ್ಷಿಗಳು

ಶಿವಮೊಗ್ಗದ ಕೋಟೆಯ ಬೀದಿಗಳ ಕಡೆ, ತುಂಗೆಯ ಗಾಳಿ ಬೀಸುವಷ್ಟು ಸಮೀಪದಲ್ಲಿ, ನನ್ನ ಸಹಪಾಠಿಯೊಬ್ಬರ ಹಳೆಯ ಮನೆಯಿದೆ. ಆ ಮನೆಯ ನಡುಕೋಣೆಯಲ್ಲಿ ಒಂದು ಗಾಜಿನ ಗೊಂಚಲುದೀಪ ತೂಗುತ್ತಿತ್ತು. ತಿಳಿದವರು ಅದನ್ನು ಷಾಂಡಲಿಯರ್ ಎನ್ನುತ್ತಿದ್ದರು. ಮನೆಯವರ ಬಾಯಲ್ಲಿ ಅದು ಎಂದೆಂದೂ 'ದೊಡ್ಡ ದೀಪ'. ಎಂಟು ಗಾಜಿನ ತೋಳುಗಳು, ಅವುಗಳ ಕೆಳಗೆ ಸಾಲುಸಾಲಾಗಿ ಇಳಿಬಿದ್ದ ಲೋಲಕಗಳು, ನಡುವೆ ಗಾಜಿನ ಕಲಶಗಳನ್ನು ಪೋಣಿಸಿದ ಒಂದು ಕಂಬ. ಹುಡುಗರಾಗಿದ್ದಾಗ ನಾವು ಅದರ ಕೆಳಗೆ ಚೆಂಡು ಎಸೆದದ್ದಕ್ಕಾಗಿ ತಿಂದ ಏಟುಗಳ ನೆನಪು ನನ್ನ ಬೆನ್ನಿಗೆ ಇನ್ನೂ ಇದೆ.

ಕಳೆದ ಮಾಗಿಯಲ್ಲಿ ಆ ಮನೆಯ ಹಿರಿಯರು ತೀರಿಕೊಂಡ ಮೇಲೆ, ಅಣ್ಣತಂಗಿಯರಿಬ್ಬರ ನಡುವೆ ಪಾಲಿನ ಮಾತು ಬಂದಿತು. ತೋಟ, ಮನೆ, ಪಾತ್ರೆಪಡಗಗಳ ಲೆಕ್ಕ ಹೇಗೋ ಮುಗಿಯಿತು. ಉಳಿದದ್ದು ದೊಡ್ಡ ದೀಪ. ಅದು ಅಪ್ಪಟ ಬೆಲ್ಜಿಯಂ ಗಾಜು, ಮುತ್ತಜ್ಜನ ಕಾಲದ್ದು, ಲಕ್ಷಾಂತರ ಬಾಳುತ್ತದೆ, ಆದ್ದರಿಂದ ಅದನ್ನು ತಂಗಿ ತೆಗೆದುಕೊಂಡು ನಗದಿನ ಪಾಲನ್ನು ಬಿಟ್ಟುಕೊಡಲಿ ಎಂಬುದು ಅಣ್ಣನ ಮಾತು. ತಂಗಿ ಒಪ್ಪುವ ಮನಸ್ಸಿನಲ್ಲಿದ್ದಳು. ಅಷ್ಟರಲ್ಲಿ ಹೊರ ಊರಿನ ಒಬ್ಬ ಹಳೆಯ ಸಾಮಾನಿನ ವ್ಯಾಪಾರಿ ಬಂದು, ಕೈಗೆ ನಿಲುಕಿದ ಒಂದು ಲೋಲಕವನ್ನು ಕಳಚಿ, ಬೆರಳಿನಿಂದ ಸವರಿ, "ಇದೆಲ್ಲ ಅಚ್ಚಿನ ಗಾಜು, ತೂಕದ ಲೆಕ್ಕದಲ್ಲಿ ಬೇಕಾದರೆ ಕೊಂಡೊಯ್ಯುತ್ತೇನೆ" ಎಂದನು. ಅಲ್ಲಿಂದ ಮನಸ್ತಾಪ ಮೊದಲಾಯಿತು. ಅಣ್ಣ ತನ್ನನ್ನು ಮೋಸಗೊಳಿಸಲು ನೋಡಿದನೆಂದು ತಂಗಿಗೆ ಅನ್ನಿಸಿತು. ತನ್ನ ಮಾತನ್ನು ನಂಬದೆ ಯಾರೋ ದಾರಿಹೋಕನನ್ನು ನಂಬಿದಳೆಂದು ಅಣ್ಣನಿಗೆ.

ನಾನು ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನು, ನಿವೃತ್ತನಾದ ಮೇಲೆ ಹಳೆಯ ದೀಪಗಳ ಹುಚ್ಚು ಹತ್ತಿಸಿಕೊಂಡವನು. ಸಹಪಾಠಿ ಬಂದು, "ನೋಡು ಮಾರಾಯ, ನೀನು ಹೇಳಿದ್ದಕ್ಕೆ ಇಬ್ಬರೂ ಒಪ್ಪುತ್ತೇವೆ" ಎಂದಾಗ ನಾನು ಒಂದು ನಿಬಂಧನೆ ಹಾಕಿದೆ: ದೀಪವನ್ನು ಪೂರ್ತಿ ಇಳಿಸಬೇಕು, ಬಿಚ್ಚಬೇಕು, ಇಬ್ಬರೂ ಎದುರಿಗೆ ಕುಳಿತು ನೋಡಬೇಕು. ತೂಗುವ ದೀಪವನ್ನು ಕೆಳಗಿನಿಂದ ನೋಡಿ ಜಾತಿ ಹೇಳುವುದು, ಪುಸ್ತಕದ ಬೆನ್ನು ನೋಡಿ ಅಭಿಪ್ರಾಯ ಹೇಳಿದಂತೆ.

ಇನ್ನೊಬ್ಬರನ್ನೂ ಕರೆದುಕೊಂಡು ಹೋದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇದ್ದಲಿನ ಕುಲುಮೆಯಲ್ಲಿ ಕಬ್ಬಿಣ ಕರಗಿಸತೊಡಗಿದಂದಿನಿಂದ ಆ ಊರಿನಲ್ಲಿ ಎರಕದ ವಿದ್ಯೆ ಮನೆಮನೆಯ ಮಾತಾಗಿದೆ. ಅಂಥ ಎರಕದ ಮನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನನ್ನ ಗೆಳೆಯರು. ಲೋಹದ ವಿಷಯದಲ್ಲಿ ನನ್ನ ಕಣ್ಣಿಗಿಂತ ಅವರ ಹೆಬ್ಬೆರಳನ್ನು ನಾನು ಹೆಚ್ಚು ನಂಬುತ್ತೇನೆ.

ಒಂದೇ ತಪ್ಪು ಎಲ್ಲದರಲ್ಲೂ

ಚಾಪೆಯ ಮೇಲೆ ಹಳೆಯ ಧೋತರ ಹಾಸಿ ಲೋಲಕಗಳನ್ನು ಒಂದೊಂದಾಗಿ ಇಳಿಸಿದೆವು. ಯಾವ ಲೋಲಕ ಯಾವ ತೋಳಿನದು, ಯಾವ ಸಾಲಿನದು ಎಂದು ಚೀಟಿ ಕಟ್ಟಿದೆವು. ಇದನ್ನು ಮರೆತವರು ಮುಂದೆ ಪರಿತಪಿಸುತ್ತಾರೆ. ಗಾಜು ತಾನಿದ್ದ ಸ್ಥಳದಿಂದಲೂ ಸಾಕ್ಷಿ ಹೇಳುತ್ತದೆ. ಒಟ್ಟು 72 ಲೋಲಕಗಳು: ತೋಳಿಗೆ ಆರರಂತೆ 48, ಮೇಲಿನ ಛತ್ರಿಯಲ್ಲಿ 24.

ಗಾಜಿಗೆ ಮುಖಗಳು ಬರುವುದು ಎರಡು ಬಗೆಯಲ್ಲಿ. ಒಂದು, ಗಟ್ಟಿಯಾದ ಗಾಜಿನ ತುಂಡನ್ನು ತಿರುಗುವ ಸಾಣೆಯ ಚಕ್ರಕ್ಕೆ ಒತ್ತಿ ಮುಖ ಮುಖವಾಗಿ ಕಡೆದು, ಬಳಿಕ ಮೆರುಗು ಕೊಡುವುದು. ಇನ್ನೊಂದು, ಕಾದು ಮೆತ್ತಗಿರುವ ಗಾಜನ್ನು ಲೋಹದ ಅಚ್ಚಿನಲ್ಲಿ ಒತ್ತಿ, ಮುಖಗಳು ಒಂದೇ ಬಾರಿಗೆ ಮೂಡುವಂತೆ ಮಾಡುವುದು. ಯಂತ್ರದಿಂದ ಹೀಗೆ ಒತ್ತುವ ವಿದ್ಯೆ 1820ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದು, ಬೇಗನೆ ಯುರೋಪಿಗೂ ಹಬ್ಬಿತು. ಆದ್ದರಿಂದ ಅಚ್ಚಿನ ಗಾಜೆಂದರೆ ನಿನ್ನೆ ಮೊನ್ನೆಯದೆಂದು ತಿಳಿಯಬೇಕಾಗಿಲ್ಲ. ಇನ್ನೂರು ವರ್ಷದ ಅಚ್ಚಿನ ಗಾಜೂ ಉಂಟು, ಹೋದ ವರ್ಷ ಕಡೆದ ಸ್ಫಟಿಕವೂ ಉಂಟು.

ಇವೆರಡನ್ನು ಬೇರ್ಪಡಿಸಲು ಜನ ಎರಡು ಉಪಾಯಗಳನ್ನು ಹೇಳುವುದುಂಟು: ತಟ್ಟಿದರೆ ಗಂಟೆಯಂತೆ ನುಡಿಯಬೇಕು, ಬಿಸಿಲಿಗೆ ಹಿಡಿದರೆ ಕಾಮನಬಿಲ್ಲು ಕಾಣಬೇಕು ಎಂದು. ಎರಡೂ ಇಲ್ಲಿ ನಿಷ್ಪ್ರಯೋಜಕ. ನುಡಿಯುವುದು ತೆಳುಗೋಡೆಯ ಬಟ್ಟಲು. ಘನವಾದ ಲೋಲಕವನ್ನು ತಟ್ಟಿದರೆ, ಅದು ಯಾವ ಗಾಜಿನದಾಗಲಿ, ಟಕ್ ಎನ್ನುತ್ತದೆ. ಕಾಮನಬಿಲ್ಲಿಗೆ ಬೇಕಾದದ್ದು ಓರೆಯಾಗಿ ಕೂಡಿದ ಎರಡು ಮುಖಗಳು. ಶಾಲೆಯ ಪ್ರಯೋಗಶಾಲೆಯ ಸಾಮಾನ್ಯ ಗಾಜಿನ ಪಟ್ಟಕವೂ ಏಳು ಬಣ್ಣ ಚೆಲ್ಲುತ್ತದೆಯಲ್ಲವೆ?

ನಾನು ನಂಬುವುದು ಬೇರೆ ಪರೀಕ್ಷೆಗಳನ್ನು. ಕಿಟಕಿಗೆ ಬೆನ್ನು ಮಾಡಿ ಕುಳಿತು, ಲೋಲಕದ ಒಂದು ಮುಖದಲ್ಲಿ ಕಿಟಕಿಯ ಸರಳಿನ ಪ್ರತಿಬಿಂಬ ಬೀಳುವಂತೆ ಹಿಡಿಯಬೇಕು. ಕಡೆದ ಮುಖ ಕನ್ನಡಿಯಂತೆ ಸಮತಲ. ಸರಳು ಅಂಚಿನವರೆಗೆ ನೆಟ್ಟಗೆ ಓಡುತ್ತದೆ. ಅಚ್ಚಿನ ಗಾಜಾದರೆ, ತಣಿಯುವಾಗ ಕುಗ್ಗಿದ್ದರಿಂದ ಮುಖದ ನಡು ಎಲ್ಲೋ ಒಂದಿಷ್ಟು ಕುಸಿದಿರುತ್ತದೆ. ಸರಳು ಅಂಚಿನ ಹತ್ತಿರ ಬಾಗಿ, ನೀರಿನಲ್ಲಿ ಕಂಡ ಕೋಲಿನಂತಾಗುತ್ತದೆ. ಆಮೇಲೆ ಭೂತಗನ್ನಡಿಯಲ್ಲಿ ಅಂಚನ್ನು ನೋಡಬೇಕು. ಕಡೆದ ಅಂಚು ಕೂದಲೆಳೆಯಂಥ ಒಂದು ಗೆರೆ. ಅಚ್ಚಿನ ಅಂಚು ದುಂಡಗೆ ಉರುಳಿರುತ್ತದೆ. ಗೆರೆಯ ಬದಲು ಬೆಳಕಿನ ಒಂದು ತೆಳುಪಟ್ಟಿ ಕಾಣುತ್ತದೆ.

ಮೂರನೆಯ ಪರೀಕ್ಷೆ ನನಗೆ ಅತ್ಯಂತ ಪ್ರಿಯವಾದದ್ದು. ಒಂದೇ ಸಾಲಿನ ನಾಲ್ಕು ಲೋಲಕಗಳನ್ನು ಪಕ್ಕಪಕ್ಕದಲ್ಲಿಟ್ಟು ಅವುಗಳ ತಪ್ಪುಗಳನ್ನು ಹುಡುಕುವುದು. ಕೈಯಲ್ಲಿ ಕಡೆದವನು ಮೂರು ಮುಖಗಳನ್ನು ಒಂದು ಬಿಂದುವಿನಲ್ಲಿ ಕೂಡಿಸಲು ಹೋಗಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೂದಲೆಳೆಯಷ್ಟು ತಪ್ಪುತ್ತಾನೆ. ಒಂದು ಲೋಲಕದ ತಪ್ಪು ಇನ್ನೊಂದರಲ್ಲಿರುವುದಿಲ್ಲ. ಅಚ್ಚಿನಲ್ಲಾದರೆ ಒಂದೇ ಮಚ್ಚೆ, ಒಂದೇ ಡೊಂಕು, ಎಲ್ಲದರಲ್ಲೂ ಅದೇ ಸ್ಥಳದಲ್ಲಿ ಮರುಕಳಿಸುತ್ತದೆ. ಹಳೆಯ ಗ್ರಂಥಗಳನ್ನು ಶೋಧಿಸಿದವರಿಗೆ ಇದು ಹೊಸತಲ್ಲ: ಓಲೆಗರಿಯ ಲಿಪಿಕಾರರು ತಪ್ಪುವುದು ತಮ್ಮ ತಮ್ಮ ರೀತಿಯಲ್ಲಿ, ಮುದ್ರಣದ ತಪ್ಪು ಸಾವಿರ ಪ್ರತಿಯಲ್ಲೂ ಒಂದೇ.

ಈ ಪರೀಕ್ಷೆಗಳಿಗೂ ಮಿತಿಯುಂಟು. ಅಚ್ಚಿನಿಂದ ಬಂದ ತುಂಡಿನ ಎದುರು ಮುಖಗಳನ್ನಷ್ಟೇ ಸಾಣೆ ಹಿಡಿದು, ಕಡೆದದ್ದೆಂದು ಕಾಣುವಂತೆ ಮಾಡುವ ಪದ್ಧತಿ ಹಳೆಯದು. ಆದ್ದರಿಂದ ಹಿಂಬದಿಯನ್ನೂ ನೋಡಬೇಕು. ಇದಕ್ಕೆ ವಿರುದ್ಧವಾಗಿ, ಇಂಗ್ಲೆಂಡಿನ ಹಳೆಯ ಕಾರ್ಯಾಗಾರಗಳಲ್ಲಿ ಕಾದ ಗಾಜನ್ನು ಇಕ್ಕಳದಂಥ ಅಚ್ಚಿನಲ್ಲಿ ಒಮ್ಮೆ ಚಿವುಟಿ, ಆ ತುಂಡನ್ನೇ ಪೂರ್ತಿ ಕಡೆಯುತ್ತಿದ್ದರು. ಅಂಥದರಲ್ಲಿ ತಂತಿ ಪೋಣಿಸುವ ರಂಧ್ರದ ಸುತ್ತ ಅಚ್ಚಿನ ಗುರುತು ಉಳಿದಿದ್ದರೆ ಅದು ದೋಷವಲ್ಲ. ಇನ್ನು, ಇಂದಿನ ಯಂತ್ರದಲ್ಲಿ ಕಡೆದ ಲೋಲಕಗಳ ಮುಖಗಳು ಕೈಗೆಲಸಕ್ಕಿಂತ ಎಷ್ಟೋ ಕರಾರುವಾಕ್ಕು. ಆದ್ದರಿಂದ 72ರಲ್ಲಿ 72ಕ್ಕೂ ಒಂದೇ ಒಂದು ತಪ್ಪಿಲ್ಲದಿದ್ದರೆ ಸಂತೋಷಪಡುವ ಬದಲು ಸಂಶಯಪಡಬೇಕು.

ನಾನು ಭೂತಗನ್ನಡಿ ಹಿಡಿದು ಹೀಗೆ ತಡಕಾಡುತ್ತಿದ್ದಾಗ, ಭದ್ರಾವತಿಯ ಹಿರಿಯರು ಒಂದು ಲೋಲಕವನ್ನು ಎತ್ತಿ, ಅದರ ಪಕ್ಕದಂಚಿನ ಮೇಲೆ ಉಗುರು ಎಳೆದು, "ಮೇಷ್ಟ್ರೇ, ಇದು ಕಡೆದದ್ದಲ್ಲ, ಅಚ್ಚಿಗೆ ಹುಯ್ದದ್ದು. ಎರಡು ಅಚ್ಚು ಕೂಡಿದ ಗೆರೆ ಇಲ್ಲಿದೆ" ಎಂದರು. ಅಂಚಿನ ಮೇಲೆಯೇ ಅಡಗಿದ್ದ ಆ ಗೆರೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಜೀವಮಾನವಿಡೀ ಎರಕದ ಅಂಥ ಗೆರೆಗಳನ್ನು ಅರದಿಂದ ಉಜ್ಜಿ ತೆಗೆದವರಿಗೆ ಅದು ದೂರದಿಂದಲೇ ಕಂಡಿತು. ಅದು ವ್ಯಾಪಾರಿ ಕಳಚಿದ್ದ ಲೋಲಕವೇ. ಹಾಗಾದರೆ ಅವನು ಸುಳ್ಳು ಹೇಳಿರಲಿಲ್ಲ.

ಸಂಜೆಯ ಹೊತ್ತಿಗೆ ಎರಡು ರಾಶಿಗಳಾದವು. ಅಚ್ಚಿನವು 22; ಕಡೆದವು 50. ಅಚ್ಚಿನ 22ರಲ್ಲಿ 12 ಎರಡೇ ತೋಳುಗಳಿಗೆ ಸೇರಿದವು. ಉಳಿದ ಹತ್ತು ಬೇರೆ ತೋಳುಗಳ ಕೆಳತುದಿಯವು. ವ್ಯಾಪಾರಿಯ ಕೈಗೆ ಸುಲಭವಾಗಿ ನಿಲುಕುವುದು ಕೆಳತುದಿಯೇ ಅಲ್ಲವೆ? ಬೀಳುವುದೂ, ಒಡೆಯುವುದೂ, ಬದಲಾಗುವುದೂ ಕೆಳತುದಿಯವೇ. ಅವನು ಒಂದನ್ನು ಸರಿಯಾಗಿ ನೋಡಿ, ಎಪ್ಪತ್ತೊಂದರ ವಿಷಯದಲ್ಲಿ ತೀರ್ಪು ಹೇಳಿದ್ದನು.

ಲೋಟದ ನೀರಿನ ಸಾಕ್ಷಿ

ಕಡೆದದ್ದೆಂದ ಮಾತ್ರಕ್ಕೆ ಅದು ಸ್ಫಟಿಕವೆಂದು ಹೇಳಲಾಗದು. ಕೆಲಸ ಒಂದು, ಕಚ್ಚಾವಸ್ತು ಇನ್ನೊಂದು. ವ್ಯಾಪಾರದಲ್ಲಿ ಕ್ರಿಸ್ಟಲ್ ಎಂದು ಕರೆಯುವುದು ಗಣಿಯಿಂದ ಬಂದ ಸ್ಫಟಿಕವನ್ನಲ್ಲ, ಸೀಸದ ಭಸ್ಮ ಬೆರೆತ ಗಾಜನ್ನು. ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ 1674ರಲ್ಲಿ ಪೇಟೆಂಟ್ ಪಡೆದ ಗಾಜಿಗೆ ಕೆಲವೇ ವರ್ಷಗಳಲ್ಲಿ ಸೀಸ ಸೇರಿತು. ಅಲ್ಲಿಂದ ಈ ಜಾತಿ ಹಬ್ಬಿತು. ಸೀಸ ಸೇರಿದ ಗಾಜು ಸಾಣೆಗೆ ಮೃದು, ಬೆಳಕಿಗೆ ಉಜ್ವಲ, ತೂಕಕ್ಕೆ ಭಾರ. ಬೊಹೀಮಿಯದ ಕುಶಲರೋ ಸೀಸವಿಲ್ಲದ ಪೊಟ್ಯಾಷ್ ಗಾಜನ್ನು ಬಹು ಸೊಗಸಾಗಿ ಕಡೆಯುತ್ತಿದ್ದರು. ಇತ್ತ, ಸೀಸದ ಗಾಜನ್ನೇ ಅಚ್ಚಿನಲ್ಲಿ ಒತ್ತಿದವರೂ ಉಂಟು. ಆದ್ದರಿಂದ ಕಣ್ಣಿನ ಪರೀಕ್ಷೆ ಮುಗಿದ ಮೇಲೆ ತೂಕದ ಪರೀಕ್ಷೆ ಬೇರೆಯಾಗಿಯೇ ನಡೆಯಬೇಕು.

ಇದಕ್ಕೆ ಬೇಕಾದದ್ದು ಗ್ರಾಮಿನ ನೂರನೆಯ ಒಂದು ಭಾಗ ತೋರಿಸುವ ತಕ್ಕಡಿ, ಒಂದು ಲೋಟ ನೀರು, ಒಂದು ರೇಷ್ಮೆಯ ಎಳೆ. ಗಾಂಧಿ ಬಜಾರಿನಲ್ಲಿ ಪರಿಚಯದ ಅಕ್ಕಸಾಲಿಗರು ತಮ್ಮ ತಕ್ಕಡಿಯನ್ನು ಒಂದು ಮಧ್ಯಾಹ್ನಕ್ಕೆ ಎರವಲು ಕೊಟ್ಟರು. ಮೊದಲು ಲೋಲಕದ ಲೋಹದ ತಂತಿಯನ್ನು ತೆಗೆದು, ಒರೆಸಿ, ಹಾಗೆಯೇ ತೂಗಬೇಕು. ಆಮೇಲೆ ನೀರು ತುಂಬಿದ ಲೋಟವನ್ನೇ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ಈಗ ಲೋಲಕವನ್ನು ಎಳೆಯಲ್ಲಿ ಕಟ್ಟಿ, ಲೋಟದ ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿದರೆ, ತಕ್ಕಡಿ ತೋರಿಸುವ ಅಂಕಿ ಲೋಲಕವು ಸರಿಸಿದ ನೀರಿನ ತೂಕ. ಮೊದಲಿನ ತೂಕವನ್ನು ಇದರಿಂದ ಭಾಗಿಸಿದರೆ ಗಾಜಿನ ಸಾಂದ್ರತೆ ಸಿಗುತ್ತದೆ. ಆರ್ಕಿಮಿಡೀಸನ ಹಳೆಯ ಉಪಾಯವೇ ಇದು; ಅವನಿಗೆ ಎಲೆಕ್ಟ್ರಾನಿಕ್ ತಕ್ಕಡಿಯ ಸೌಕರ್ಯವಿರಲಿಲ್ಲ, ಅಷ್ಟೆ. ರಂಧ್ರದಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಉತ್ತರ ತಪ್ಪುತ್ತದೆ. ಒಮ್ಮೆ ಅದ್ದಿ, ಅಲುಗಾಡಿಸಿ, ಗುಳ್ಳೆ ಬಿಡಿಸಬೇಕು.

ಮೊದಲು ಕಡೆದ ರಾಶಿಯಿಂದ ಒಂದನ್ನು ತೂಗಿದೆವು: 61.2 ಗ್ರಾಂ. ನೀರಿನಲ್ಲಿ 20.4. ಭಾಗಿಸಿದರೆ 3.00. ಸಾಮಾನ್ಯ ಗಾಜಿನ ಸಾಂದ್ರತೆ 2.5ರ ಆಸುಪಾಸು, ಸೀಸ ತುಂಬಿದ ಗಾಜಿನದು 2.9ರಿಂದ 3.1. ಸಂಶಯಕ್ಕೆ ಎಡೆಯಿರಲಿಲ್ಲ. ಅಚ್ಚಿನ ಒಂದು ಲೋಲಕ 49.0 ಗ್ರಾಂ, ನೀರಿನಲ್ಲಿ 19.6, ಅಂದರೆ ಸರಿಯಾಗಿ 2.50. ತಂಗಿಯೇ ಕಾಗದದ ಮೇಲೆ ಭಾಗಾಕಾರ ಮಾಡುತ್ತಿದ್ದಳು. ಅಣ್ಣ ಎಳೆ ಹಿಡಿದಿದ್ದನು. ಪಾಲಿನ ಮಾತು ಬಂದ ಮೇಲೆ ಅವರಿಬ್ಬರೂ ಒಂದು ಕೆಲಸವನ್ನು ಕೂಡಿ ಮಾಡಿದ್ದು ಅದೇ ಮೊದಲೆಂದು ಆಮೇಲೆ ತಿಳಿಯಿತು.

ಕಡೆದ ಐವತ್ತನ್ನೂ ತೂಗಿದೆವು. ನಲವತ್ತೊಂದು ಲೋಲಕಗಳು 2.95 ಮತ್ತು 3.05ರ ನಡುವೆ ಬಿದ್ದವು. ಆದರೆ ಮೇಲಿನ ಛತ್ರಿಯ ಒಂಬತ್ತು ಮಾತ್ರ ಬೇರೆ ದಾರಿ ಹಿಡಿದವು. ಅವುಗಳಲ್ಲಿ ಒಂದು 52.1 ಗ್ರಾಂ, ನೀರಿನಲ್ಲಿ 21.0; ಅಂದರೆ 2.48. ಅಂಚು ಚೂಪು, ಮುಖ ಸಮತಲ, ಕೈಗೆಲಸದ ತಪ್ಪುಗಳೂ ಇದ್ದವು. ಸೀಸ ಮಾತ್ರ ಇರಲಿಲ್ಲ. ಕಣ್ಣೊಂದನ್ನೇ ನಂಬಿದ್ದರೆ ಇವನ್ನು ಸೀಸದ ಗಾಜಿನ ಜೊತೆಗೆ ಸೇರಿಸಿಬಿಡುತ್ತಿದ್ದೆವು. ತಕ್ಕಡಿಯೊಂದನ್ನೇ ನಂಬಿದ್ದರೆ ಅಚ್ಚಿನ ಗಾಜಿನ ಜೊತೆಗೆ ತಳ್ಳಿಬಿಡುತ್ತಿದ್ದೆವು.

"ಹಾಗಾದರೆ ಆ ನಲವತ್ತೊಂದು ಬೆಲ್ಜಿಯಂನವೇ ತಾನೆ?" ಎಂದು ಅಣ್ಣ ಕೇಳಿದನು. ನಾನು ಹೌದೆನ್ನಲಾರದೆ ಹೋದೆ. ಬೆಲ್ಜಿಯಂನಲ್ಲಿ 1826ರಲ್ಲಿ ಸ್ಥಾಪಿತವಾದ ವಾಲ್ ಸೇಂಟ್ ಲ್ಯಾಂಬರ್ಟಿನಂಥ ಹೆಸರಾಂತ ಕಾರ್ಖಾನೆಯಿತ್ತು, ನಿಜ. ಆದರೆ ಇಂಗ್ಲೆಂಡಿನಲ್ಲಿಯೂ ಫ್ರಾನ್ಸಿನಲ್ಲಿಯೂ ಇದೇ ಸಾಂದ್ರತೆಯ ಗಾಜು ತಯಾರಾಗುತ್ತಿತ್ತು. ಸಾಂದ್ರತೆ ಕುಲವನ್ನು ಹೇಳೀತು, ಊರನ್ನು ಹೇಳದು. ನಮ್ಮಲ್ಲಿ 'ಬೆಲ್ಜಿಯಂ ಗಾಜು' ಎಂಬುದು ದೇಶದ ಹೆಸರಾಗಿ ಉಳಿಯದೆ, ಒಳ್ಳೆಯ ಗಾಜಿಗೆ ಕೊಡುವ ಬಿರುದಾಗಿಬಿಟ್ಟಿದೆ.

ಹಿತ್ತಾಳೆ ಹೇಳಿದ ಮಾತು

ಗಾಜಿಗೆ ವಯಸ್ಸು ಬರೆದಿರುವುದಿಲ್ಲ. ಕಡೆಯುವ ವಿನ್ಯಾಸಗಳು ನೂರಾರು ವರ್ಷ ಮರುಕಳಿಸಿವೆ. ವಯಸ್ಸಿನ ಮಾತಿಗೆ ಲೋಹವೇ ಗತಿ. ಆದರೆ ಇಲ್ಲಿ ಒಂದು ನಿಯಮವನ್ನು ಮನಸ್ಸಿನಲ್ಲಿಡಬೇಕು: ಲೋಹದ ಗುರುತು 'ಇದು ಇಂಥ ವರ್ಷದ್ದು' ಎಂದು ಹೇಳುವುದಿಲ್ಲ, 'ಇದು ಇಂಥ ವರ್ಷಕ್ಕಿಂತ ಹಿಂದಿನದಲ್ಲ' ಎಂದಷ್ಟೇ ಹೇಳುತ್ತದೆ. ಅದೂ ತನ್ನ ಬಗ್ಗೆ ಮಾತ್ರ, ಪಕ್ಕದ ತುಂಡಿನ ಬಗ್ಗೆ ಅಲ್ಲ.

ದೀಪದ ನಡುವೆ ತೋಳುಗಳನ್ನೆಲ್ಲ ಹೊರುವ ಒಂದು ದುಂಡನೆಯ ಹಿತ್ತಾಳೆಯ ತಟ್ಟೆ. ಅದರ ಸುತ್ತ ಎಂಟು ಗೂಡುಗಳು. ಪ್ರತಿ ಗಾಜಿನ ತೋಳಿನ ಬುಡಕ್ಕೂ ಪ್ಲಾಸ್ಟರಿನಿಂದ ಅಂಟಿಸಿದ ಹಿತ್ತಾಳೆಯ ಒಂದು ಕಟ್ಟು. ಆ ಕಟ್ಟನ್ನು ಗೂಡಿನಲ್ಲಿ ಇಳಿಸಿದರೆ ತೋಳು ತನ್ನ ಭಾರದಿಂದಲೇ ನಿಲ್ಲುತ್ತದೆ. ತಟ್ಟೆಯನ್ನು ತಲೆಕೆಳಗು ಮಾಡಿದಾಗ ಭದ್ರಾವತಿಯ ಹಿರಿಯರ ಮುಖ ಅರಳಿತು. ಮೇಲ್ಮೈ ನುಣುಪಾದರೂ, ಕಾಣದ ತಳದಲ್ಲಿ ಮರಳಿನ ಅಚ್ಚಿನ ತರಿ ಹಾಗೆಯೇ ಉಳಿದಿತ್ತು; ಅಲ್ಲಲ್ಲಿ ಅರದ ಓರೆಗೀರುಗಳು. ಗೂಡುಗಳ ಪಕ್ಕದಲ್ಲಿ ಒಂದರಿಂದ ಎಂಟರವರೆಗೆ ಸಣ್ಣ ಕಚ್ಚುಗಳು. ಕೈಯಿಂದ ಹೊಂದಿಸಿದ ಗೂಡುಗಳಿಗೆ ಯಾವ ತೋಳು ಎಲ್ಲಿಗೆಂದು ಕುಶಲನು ಇಟ್ಟುಕೊಂಡ ಲೆಕ್ಕ ಅದು. ತೋಳುಗಳ ಕಟ್ಟುಗಳನ್ನು ನೋಡಿದೆವು. ಒಂದು, ಎರಡು, ಮೂರು, ಐದು, ಆರು, ಎಂಟು ಕಚ್ಚುಗಳ ತೋಳುಗಳು ಸಿಕ್ಕಿದವು. ನಾಲ್ಕು ಮತ್ತು ಏಳು ಇರಲಿಲ್ಲ. ಆ ಗೂಡುಗಳಲ್ಲಿದ್ದ ತೋಳುಗಳ ಕಟ್ಟಿನ ಮೇಲೆ ಕಚ್ಚಿಲ್ಲ, ಮರಳಿನ ತರಿಯಿಲ್ಲ; ಒಳಗೂ ಹೊರಗೂ ಲೇತಿನ ಉಳಿ ಸುತ್ತಿದ ಸೂಕ್ಷ್ಮ ವರ್ತುಲಗಳು. ಅಚ್ಚಿನ ಹನ್ನೆರಡು ಲೋಲಕಗಳು ನೇತಾಡುತ್ತಿದ್ದದ್ದು ಈ ಎರಡು ತೋಳುಗಳಲ್ಲಿಯೇ.

ಆರು ಹಳೆಯ ತೋಳುಗಳು ಘನವಾದ ಗಾಜಿನವು. ಅವುಗಳೊಳಗೆ ವಿದ್ಯುತ್ತಿನ ತಂತಿ ಹೋಗಲು ದಾರಿಯಿಲ್ಲ; ತಂತಿಯನ್ನು ಹೊರಗಿನಿಂದ ಸುತ್ತಿ ತಂದಿದ್ದರು. ತುದಿಯ ಬಟ್ಟಲುಗಳು ಮೇಣದ ಬತ್ತಿಗಾಗಿ ಮಾಡಿದವು; ಆಮೇಲೆ ತಳ ಕೊರೆದು ಬಲ್ಬಿನ ಹೋಲ್ಡರು ಕೂರಿಸಿದ್ದರು. ಹಾಗೆ ಕೊರೆದದ್ದನ್ನು ಪತ್ತೆಹಚ್ಚುವುದು ಸುಲಭ: ಬಟ್ಟಲಿನ ಒಳಮೈ ಕಂದುಗಟ್ಟಿರುತ್ತದೆ, ರಂಧ್ರದ ಬಾಯಿಯಲ್ಲಿ ಮಾತ್ರ ಲೋಹ ಒರಟು, ಬಣ್ಣ ತಿಳಿ. ಹೊಸ ತೋಳುಗಳ ಬಟ್ಟಲಿನಲ್ಲಿ ರಂಧ್ರ ಹುಟ್ಟಿನಿಂದಲೇ ಇತ್ತು. ಆದ್ದರಿಂದ ದೀಪದ ಮೂಲ ದೇಹ ಬತ್ತಿಯ ಕಾಲದ ಕಲ್ಪನೆ. ವಿದ್ಯುತ್ತು ಆಮೇಲೆ ಬಂದ ಅತಿಥಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋದದ್ದು 1902ರಲ್ಲಿ, ಬೆಂಗಳೂರಿನ ಬೀದಿಯಲ್ಲಿ ಬೆಳಗಿದ್ದು 1905ರಲ್ಲಿ. ನಮ್ಮ ಜೋಗದಲ್ಲಿ ವಿದ್ಯುತ್ತು ಹುಟ್ಟಿದ್ದು 1940ರ ದಶಕದ ಕೊನೆಯಲ್ಲಿ. ಈ ಸೀಮೆಯ ಮನೆಯೊಂದರಲ್ಲಿ ಬತ್ತಿಯ ದೀಪಕ್ಕೆ ತಂತಿ ಸುತ್ತಿದ ಕೈ ಇಪ್ಪತ್ತನೆಯ ಶತಮಾನದ್ದೇ ಆಗಿರಬೇಕು. ತಂತಿ, ಹೋಲ್ಡರು, ಲೋಲಕ ಕಟ್ಟುವ ಕೊಕ್ಕೆ ಇವು ಪದೇಪದೇ ಬದಲಾಗುವ ವಸ್ತುಗಳು; ಅವುಗಳಿಂದ ದೀಪದ ಜನ್ಮಕಾಲವನ್ನು ಹೇಳಹೊರಡುವುದು, ಕಾಲಿನ ಚಪ್ಪಲಿ ನೋಡಿ ಮನುಷ್ಯನ ವಯಸ್ಸು ಹೇಳಿದಂತೆ.

ನಡುಗಂಬಕ್ಕೆ ತಟ್ಟೆಯನ್ನು ಹಿಡಿದಿದ್ದುದು ನಾಲ್ಕು ತಿರುಪುಮೊಳೆಗಳು. ಎರಡರ ತಲೆಯಲ್ಲಿ ಒಂದೇ ಗೀರು, ಅದೂ ನಡುವಿನಿಂದ ಕೊಂಚ ಸರಿದದ್ದು. ಇನ್ನೆರಡರ ತಲೆಯಲ್ಲಿ ಮೆಕ್ಯಾನಿಕ್ಕುಗಳು ಸ್ಟಾರ್ ಎನ್ನುವ ಅಡ್ಡಗೀರು. ಈ ಸ್ಟಾರ್ ತಲೆ ಪ್ರಪಂಚದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ತಲೆಗಿಂತ ಹೆಚ್ಚು ಹೇಳುವುದು ಮೈಮೇಲಿನ ಸುತ್ತುಗಳು. ಮೊಳೆಯನ್ನು ಒಂದು ಸೋಪಿನ ಬಿಲ್ಲೆಯ ಮೇಲೆ ಒತ್ತಿದರೆ ಸುತ್ತುಗಳ ಗೆರೆ ಮೂಡುತ್ತದೆ; ಅಳತೆಪಟ್ಟಿಯಿಟ್ಟು ಎಣಿಸಬಹುದು. ಗೀರು ತಲೆಯ ಮೊಳೆಗಳಲ್ಲಿ ಅರ್ಧ ಅಂಗುಲಕ್ಕೆ ಹತ್ತು ಸುತ್ತು, ಅಂದರೆ ಅಂಗುಲಕ್ಕೆ 20. ಕಾಲಂಗುಲ ದಪ್ಪದ ಮೊಳೆಗೆ ಇದು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ ಅಳತೆ. ಸ್ಟಾರ್ ತಲೆಯವುಗಳಲ್ಲಿ ಅರ್ಧ ಅಂಗುಲಕ್ಕೆ ಹನ್ನೆರಡೂವರೆಗೂ ಮಿಗಿಲು. ದಪ್ಪ ಅಳೆದರೆ ಸರಿಯಾಗಿ 6 ಮಿಲಿಮೀಟರು. ಸುತ್ತಿನಿಂದ ಸುತ್ತಿಗೆ ಒಂದು ಮಿಲಿಮೀಟರು. ದಪ್ಪವನ್ನು ಅಳೆಯುವುದು ಅನಿವಾರ್ಯ. ಏಕೆಂದರೆ ಇಂಗ್ಲೆಂಡಿನಲ್ಲಿ ಹಿತ್ತಾಳೆಯ ಕೊಳವೆಗಳಿಗೆ ಅಂಗುಲಕ್ಕೆ 26 ಸುತ್ತಿನ ಬೇರೊಂದು ಅಳತೆಯೂ ಇತ್ತು, ಎಣಿಕೆಯೊಂದರಿಂದಲೇ ಮೋಸಹೋಗಬಹುದು. ನಮ್ಮ ದೇಶ ಮೆಟ್ರಿಕ್ ಪದ್ಧತಿಯ ಕಾನೂನು ಮಾಡಿದ್ದು 1956ರಲ್ಲಿ. ಜಾರಿಗೆ ತರತೊಡಗಿದ್ದು 1958ರಿಂದ. ಇಲ್ಲಿಯ ಅಂಗಡಿಯ ಮೆಟ್ರಿಕ್ ಮೊಳೆ ಅದಕ್ಕೆ ಹಿಂದಿನದಾಗಿರುವುದು ಅಸಂಭವ. ವಿಟ್‌ವರ್ತ್ ಮೊಳೆಯಾದರೋ ಆಮೇಲೆಯೂ ಬಹುಕಾಲ ಮಾರಾಟವಾಗುತ್ತಿತ್ತು. ಆದ್ದರಿಂದ ಮೆಟ್ರಿಕ್ ಮೊಳೆ ಹೊಸತನವನ್ನು ಸಾಧಿಸುತ್ತದೆ, ವಿಟ್‌ವರ್ತ್ ಮೊಳೆ ಹಳೆಯತನವನ್ನು ತಾನೊಂದೇ ಸಾಧಿಸಲಾರದು. ಸರಿದ ಗೀರು, ಮರಳಿನ ತರಿ, ಕಚ್ಚಿನ ಲೆಕ್ಕ, ಬತ್ತಿಯ ಬಟ್ಟಲು ಇವೆಲ್ಲ ಜೊತೆಗೂಡಿದ್ದರಿಂದ, ದೀಪದ ದೇಹ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ್ದೆಂದು ಹೇಳಲು ನನಗೆ ಧೈರ್ಯ ಬಂದಿತು. ಅದಕ್ಕಿಂತ ಸೂಕ್ಷ್ಮವಾಗಿ ಹೇಳಲು ಅಲ್ಲ.

ಭದ್ರಾವತಿಯ ಹಿರಿಯರು ಆ ಎರಡು ಹೊಸ ಮೊಳೆಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಕಾಲಂಗುಲದ ಗೂಡಿನಲ್ಲಿ 6 ಮಿಲಿಮೀಟರಿನ ಮೊಳೆಯನ್ನು ಬಲವಂತದಿಂದ ತಿರುಗಿಸಿ ಕೂರಿಸಿದ್ದರು. ಸುತ್ತುಗಳು ಅರ್ಧಕ್ಕರ್ಧ ಕಿತ್ತುಹೋಗಿದ್ದವು. "ತಾಯೀ, ಇಷ್ಟು ವರ್ಷ ಈ ದೀಪ ನಿಂತದ್ದು ಎರಡೇ ಮೊಳೆಯ ಮೇಲೆ. ಕೆಳಗೆ ಮಕ್ಕಳನ್ನು ಮಲಗಿಸುತ್ತಿದ್ದಿರೋ ಏನೋ" ಎಂದರು.

ಏಳು ವರ್ಷದ ಹುಡುಗಿಯ ನೆನಪು

ಆಗ ತಂಗಿ, ಕಾಗದದಿಂದ ತಲೆಯೆತ್ತದೆ, ಮೆಲ್ಲನೆ ಹೇಳಿದಳು: "ಇದು ಒಮ್ಮೆ ಬಿದ್ದಿತ್ತು, ಮೇಷ್ಟ್ರೇ."

ಅಣ್ಣನಿಗೆ ಗೊತ್ತಿರಲಿಲ್ಲ, ಅವನು ಆಗ ಹಾಸ್ಟೆಲಿನಲ್ಲಿದ್ದನು. 1974ರ ಬೇಸಗೆ; ಅವಳಿಗೆ ಏಳು ವರ್ಷ. ಅತ್ತೆಯ ಮದುವೆಗೆ ಸುಣ್ಣ ಬಳಿಯಲೆಂದು ದೀಪ ಇಳಿಸುವಾಗ ಹಗ್ಗ ಜಾರಿತು. ಎರಡು ತೋಳು ಪುಡಿಯಾದವು. ಅಜ್ಜಿ ತವರಿನ ಕಡೆ ಹೋಗಿದ್ದಳು. ಅವಳು ಬರುವುದರೊಳಗೆ ತಂದೆ ಒಡಕನ್ನೆಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ಬೆಂಗಳೂರಿಗೆ ಹೋಗಿ, ಹೇಗೋ ಹೊಂದಿಸಿಕೊಂಡು ಬಂದರು. ಯಾರಿಗೂ ಹೇಳಬಾರದೆಂದು ಮಗಳಿಂದ ಮಾತು ತೆಗೆದುಕೊಂಡರು. "ಅಜ್ಜಿ ಲೋಲಕಗಳನ್ನು ಎಣಿಸುತ್ತಿದ್ದಳು. ಎಪ್ಪತ್ತೆರಡು ಆಗಲೇಬೇಕಿತ್ತು" ಎಂದಳು. ಆ ಮಾತನ್ನು ಅವಳು ಐವತ್ತು ವರ್ಷ ಉಳಿಸಿಕೊಂಡು ಬಂದಿದ್ದಳು. ಅಣ್ಣ ಬೆಲ್ಜಿಯಂ ಎಂದಾಗಲೂ ಬಾಯಿಬಿಟ್ಟಿರಲಿಲ್ಲ. ವ್ಯಾಪಾರಿ ಅಚ್ಚಿನದೆಂದಾಗ ಮಾತ್ರ, ತಂದೆ ಎಲ್ಲವನ್ನೂ ಬದಲಿಸಿಬಿಟ್ಟಿದ್ದರೇನೋ, ಅಣ್ಣನಿಗೂ ಅದು ಗೊತ್ತಿದ್ದಿರಬಹುದೇನೋ ಎಂದು ಹೆದರಿದ್ದಳು.

ಕಚ್ಚಿಲ್ಲದ ಎರಡು ತೋಳು, ಲೇತಿನ ಕಟ್ಟು, ಮೆಟ್ರಿಕ್ ಮೊಳೆ, ಅಚ್ಚಿನ ಲೋಲಕ ಇವು ನಾಲ್ಕೂ ಆ ಬೇಸಗೆಯ ಕಥೆಗೆ ಸರಿಯಾಗಿ ಹೊಂದಿದವು. ಛತ್ರಿಯ ಒಂಬತ್ತು ಸೀಸವಿಲ್ಲದ ಲೋಲಕಗಳು ಮಾತ್ರ ಹೊಂದಲಿಲ್ಲ. ಅವು ಅದಕ್ಕಿಂತ ಹಿಂದಿನ ಯಾವುದೋ ಅಪಘಾತದ, ಯಾವುದೋ ಗುಟ್ಟಿನ ಸಾಕ್ಷಿಗಳಾಗಿರಬೇಕು. ಅವುಗಳ ಪರವಾಗಿ ಮಾತನಾಡಲು ಯಾರೂ ಉಳಿದಿರಲಿಲ್ಲ.

ನಾನು ಬರೆದುಕೊಟ್ಟ ಚೀಟಿಯಲ್ಲಿ ಇಷ್ಟೇ ಇತ್ತು: ತಟ್ಟೆ, ನಡುಗಂಬ, ಆರು ತೋಳು ಹಳೆಯವು. ಲೋಲಕಗಳಲ್ಲಿ 41 ಕಡೆದ ಸೀಸದ ಗಾಜು, 9 ಕಡೆದ ಸಾಮಾನ್ಯ ಗಾಜು, 22 ಅಚ್ಚಿನವು. ಎರಡು ತೋಳು, ಎರಡು ಮೊಳೆ 1974ರವು. ದೇಶ, ಕಾರ್ಖಾನೆ ಗೊತ್ತಾಗದು. ಮೊಳೆ ಬದಲಿಸದೆ ತೂಗಹಾಕಕೂಡದು.

ಚೀಟಿಯನ್ನು ಇಟ್ಟುಕೊಂಡು ಅಣ್ಣತಂಗಿಯರು ಬೆಲೆಯನ್ನು ತಾವೇ ಮಾತಾಡಿಕೊಂಡರು. ನಾನು ಆ ಹೊತ್ತಿಗೆ ಹಿತ್ತಿಲಲ್ಲಿ ಕಾಫಿ ಕುಡಿಯುತ್ತಿದ್ದೆ. ದೀಪ ತಂಗಿಗೆ, ನಗದಿನ ಪಾಲಿನಲ್ಲಿ ಒಂದು ಭಾಗವೂ ಅವಳಿಗೆ ಎಂದಾಯಿತೆಂದು ಆಮೇಲೆ ಕೇಳಿದೆ. ಭದ್ರಾವತಿಯ ಹಿರಿಯರು ಕಾಲಂಗುಲದ ಎರಡು ಹಿತ್ತಾಳೆಯ ಮೊಳೆಗಳನ್ನು, ಅಂಗುಲಕ್ಕೆ 20 ಸುತ್ತಿನಂತೆ, ಪರಿಚಯದ ಲೇತಿನಲ್ಲಿ ಮಾಡಿಸಿ ತಂದರು. ಹಾಳಾದ ಗೂಡುಗಳನ್ನು ತುಂಬಿಸಿ ಮತ್ತೆ ಕೊರೆಸಿದರು. ಮುಂದೆ ಯಾರಾದರೂ ಬಿಚ್ಚಿ ನೋಡಿದರೆ ಮೋಸಹೋಗದಿರಲೆಂದು ಮೊಳೆಗಳ ತಲೆಯ ಮೇಲೆ ವರ್ಷವನ್ನು ಕೊರೆಯಿಸಿದ್ದರು.

ದೀಪವನ್ನು ಮತ್ತೆ ಜೋಡಿಸುವ ದಿನ, ಅಚ್ಚಿನ ಇಪ್ಪತ್ತೆರಡನ್ನು ತೆಗೆದು ಒಳ್ಳೆಯ ಲೋಲಕಗಳನ್ನು ಹುಡುಕಿ ಹಾಕಿಸಬಹುದೆಂದು ನಾನು ಸೂಚಿಸಿದೆ. ತಂಗಿ ಒಪ್ಪಲಿಲ್ಲ. ಚೀಟಿಗಳನ್ನು ನೋಡಿ, ಒಂದೊಂದನ್ನೂ ಅದು ಇದ್ದಲ್ಲಿಗೇ ಕಟ್ಟಿಸಿದಳು. ಕೊನೆಯದನ್ನು ಕಟ್ಟಿದ ಮೇಲೆ ಕೆಳಗೆ ನಿಂತು ಎಣಿಸಿದಳು. ಎಪ್ಪತ್ತೆರಡು ಇದ್ದವು.